ನಾಲ್ಕು ಇಲಿಗಳ ಚಿತ್ರದಲ್ಲಿ ಕಾಣದ್ದು

ಜೀವಶಾಸ್ತ್ರದ ಪಾಠದಲ್ಲಿ ಫ್ರೆಡರಿಕ್ ಗ್ರಿಫಿತ್‌ನ 1928ರ ಪ್ರಯೋಗವೆಂದರೆ ಸಾಮಾನ್ಯವಾಗಿ ನಾಲ್ಕು ಇಲಿಗಳ ಚಿತ್ರ. ಕವಚವಿಲ್ಲದ ನ್ಯೂಮೋಕಾಕಸ್ ಚುಚ್ಚಿದರೆ ಇಲಿ ಬದುಕುತ್ತದೆ, ಕವಚವಿದ್ದದ್ದನ್ನು ಚುಚ್ಚಿದರೆ ಸಾಯುತ್ತದೆ. ಕವಚವಿದ್ದದ್ದನ್ನು ಬಿಸಿಮಾಡಿ ಕೊಂದು ಚುಚ್ಚಿದರೆ ಬದುಕುತ್ತದೆ. ಸತ್ತದ್ದರ ಜೊತೆಗೆ ಜೀವಂತ ನಿಷ್ಕವಚಿಯನ್ನು ಬೆರೆಸಿದರೆ ಮಾತ್ರ ಸಾಯುತ್ತದೆ. ಚಿತ್ರ ಚೆಂದ, ಆದರೆ ಪ್ರಯೋಗದ ಜೀವವೇ ಅದರಲ್ಲಿಲ್ಲ.

ಚುರುಕು ವಿದ್ಯಾರ್ಥಿ ಕೇಳಬಹುದಾದ ಪ್ರಶ್ನೆಯಿದು: ಕಳೆದುಹೋಗಿದ್ದ ಕವಚವನ್ನು ಆ ಬ್ಯಾಕ್ಟೀರಿಯಾ ತಾನಾಗಿಯೇ ಮರಳಿ ಪಡೆದಿರಬಾರದೇಕೆ? ಗ್ರಿಫಿತ್ ಇದಕ್ಕೆ ಮೊದಲೇ ಉತ್ತರ ಇಟ್ಟಿದ್ದ. ಅವನ ನಿಷ್ಕವಚಿ ಎರಡನೆಯ ನಮೂನೆಯ ವಂಶದ್ದು, ಬಿಸಿಮಾಡಿ ಕೊಂದದ್ದು ಮೂರನೆಯ ನಮೂನೆ. ತಾನಾಗಿ ಮರಳಿದ್ದರೆ ಎರಡನೆಯ ನಮೂನೆಯ ಕವಚ ಬರಬೇಕಿತ್ತು. ಸತ್ತ ಇಲಿಯ ರಕ್ತದಲ್ಲಿ ಸಿಕ್ಕದ್ದು ಮೂರನೆಯದು! ಈ ಒಂದು ಅಂಕಿ ಬಿಟ್ಟು ಹೇಳಿದ ಪಾಠ ಪುರಾವೆಯನ್ನೇ ಬಿಟ್ಟು ತೀರ್ಪು ಓದಿದ ಹಾಗೆ.

ಸತ್ತದ್ದರಿಂದ ಜೀವಂತಕ್ಕೆ ದಾಟಿದ ವಸ್ತು ಡಿಎನ್‌ಎ ಎಂದು 1944ರಲ್ಲಿ ಏವರಿ, ಮೆಕ್ಲಿಯಡ್, ಮೆಕಾರ್ಟಿ ಹೇಳಿದರು. ಶುದ್ಧೀಕರಿಸಿದ ಡಿಎನ್‌ಎಯಲ್ಲಿ ಒಂದಿಷ್ಟು ಪ್ರೋಟೀನ್ ಉಳಿದಿರಬಹುದೆಂಬ ಅನುಮಾನ ಕೆಲವರಿಗೆ ಹೋಗಲಿಲ್ಲ. ಮುಂದೆ ಡಿಎನ್‌ಎಯನ್ನು ಮಾತ್ರ ಕತ್ತರಿಸುವ ಶುದ್ಧ ಕಿಣ್ವ ಕೈಗೆ ಬಂದಾಗ ವಾದಕ್ಕೆ ಗಟ್ಟಿ ಬಲ ಸಿಕ್ಕಿತು: ಕಿಣ್ವ ಹಾಕಿದರೆ ರೂಪಾಂತರ ನಿಂತುಹೋಗುತ್ತಿತ್ತು.

ಅದೇ ಕಿಣ್ವ ಕೆಲವೇ ವರ್ಷಗಳಲ್ಲಿ ಇನ್ನೊಂದು ದಾರಿಯನ್ನು ಗುರುತಿಸಿಕೊಟ್ಟಿತು. ವಿಸ್ಕಾನ್ಸಿನ್‌ನಲ್ಲಿ ನಾರ್ಟನ್ ಜಿಂಡರ್ ಮತ್ತು ಜೋಶುವಾ ಲೆಡರ್‌ಬರ್ಗ್ ಹುಡುಕುತ್ತಿದ್ದುದು ಸಾಲ್ಮೊನೆಲ್ಲಾದ ಕೂಡಿಕೆಯನ್ನು. ಯು ಆಕಾರದ ಕೊಳವೆಯ ನಡುವೆ ಬ್ಯಾಕ್ಟೀರಿಯಾ ದಾಟಲಾಗದ ಸೋಸುಗಾಜು. ಒಂದೊಂದು ತೋಳಿನಲ್ಲಿ ಒಂದೊಂದು ತಳಿ, ಎರಡಕ್ಕೂ ಹೊರಗಿನಿಂದ ಬೇಕಾದ ಪೋಷಕಗಳು ಬೇರೆ ಬೇರೆ. ಬರ್ನಾರ್ಡ್ ಡೇವಿಸ್ 1950ರಲ್ಲಿ ಇ. ಕೊಲೈಯನ್ನು ಹೀಗೆ ಬೇರ್ಪಡಿಸಿದಾಗ ವಿನಿಮಯ ನಿಂತಿತ್ತು, ಅದಕ್ಕೆ ಮೈಗೆ ಮೈ ತಾಗಲೇಬೇಕಿತ್ತು. ಸಾಲ್ಮೊನೆಲ್ಲಾದಲ್ಲಿ ನಿಲ್ಲಲಿಲ್ಲ. ಆ ಪೋಷಕಗಳಿಲ್ಲದೆಯೂ ಬೆಳೆಯಬಲ್ಲ ಬ್ಯಾಕ್ಟೀರಿಯಾ ಕಾಣಿಸಿಕೊಂಡವು, ಅದೂ ಎಲ್‌ಟಿ-22 ತಳಿಯ ತೋಳಿನಲ್ಲಿ ಮಾತ್ರ.

ಬಿಡಿ ಡಿಎನ್‌ಎ ಸೋಸಿ ಬಂದಿರಬಹುದೇ? ಕಿಣ್ವ ಹಾಕಿದರು, ಏನೂ ಆಗಲಿಲ್ಲ. ಹಾಗಾದರೆ ವಂಶವಾಹಿ ಯಾವುದೋ ಹೊದಿಕೆಯೊಳಗೆ ಪ್ರಯಾಣಿಸಿದೆ. ಆ ಹೊದಿಕೆ ಪಿ22 ಎಂಬ ಬ್ಯಾಕ್ಟೀರಿಯಾ ವೈರಸ್. ಎಲ್‌ಟಿ-22ರೊಳಗೆ ಅಡಗಿದ್ದ ಅದು ಸೋಸುಗಾಜು ದಾಟಿ ಇನ್ನೊಂದು ತೋಳಿನ ಎಲ್‌ಟಿ-2ಕ್ಕೆ ಸೋಂಕಿ, ಅಲ್ಲಿ ಬೆಳೆದು, ಆ ತಳಿಯ ತುಣುಕೊಂದನ್ನು ಹೊತ್ತು ಮರಳಿತ್ತು. ಕೂಡಿಕೆ ಹುಡುಕಹೋದವರಿಗೆ ಸಿಕ್ಕಿದ್ದು ವಾಹಕ.

ಇದನ್ನು ವರದಿ ಮಾಡಿದ 1952ರ ಪ್ರಬಂಧಕ್ಕೆ ಮಿತಿಯೂ ಇತ್ತು. ವೈರಸ್ ತುಣುಕನ್ನು ಹೇಗೆ ತುಂಬಿಕೊಳ್ಳುತ್ತದೆಂದು ಅದು ಹೇಳಲಾರದು. ತನ್ನ ಡಿಎನ್‌ಎ ತುಂಬಬೇಕಾದ ತಲೆಗೆ ಪಿ22 ಅಪರೂಪಕ್ಕೆ ತಪ್ಪಿ ಬ್ಯಾಕ್ಟೀರಿಯಾದ ಡಿಎನ್‌ಎ ತುರುಕುತ್ತದೆಂಬುದು ತಿಳಿದದ್ದು ಆಮೇಲೆ. ಆದರೆ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಗುಣ ದಾಟುತ್ತದೆಂದು ಇಬ್ಬರೂ ಆಗಲೇ ಗಮನಿಸಿದ್ದರು. ಆ ತಲೆಯಲ್ಲಿ ಹಿಡಿಸುವುದೇ ಸಾಲ್ಮೊನೆಲ್ಲಾ ಜೀನೋಮಿನ ನೂರರಲ್ಲಿ ಒಂದು ಪಾಲಿನಷ್ಟು.