ಎರಡು ಬಂಡಿ, ಮೂರು ಸ್ಪ್ರಿಂಗ್: ರಸಿಕರಿಗೊಂದು ಕೈಪಿಡಿ

ಜಾರುವ ಹಳಿಯ ಮೇಲೆ ಅರ್ಧ ಅರ್ಧ ಕಿಲೋದ ಎರಡು ಪುಟ್ಟ ಬಂಡಿಗಳಿವೆ ಎನ್ನೋಣ. ಎಡಗೋಡೆಗೂ ಬಲಗೋಡೆಗೂ ಒಂದೊಂದನ್ನು ಸ್ಪ್ರಿಂಗಿನಿಂದ ಬಿಗಿದಿದೆ. ಇವುಗಳ ಬಿಗಿತ ಮೀಟರಿಗೆ 8 ನ್ಯೂಟನ್. ಬಂಡಿಗಳ ನಡುವೆ ಇನ್ನೊಂದು ಮೆತ್ತನೆಯ ಸ್ಪ್ರಿಂಗ್, 2.25 ನ್ಯೂಟನ್. ಎಡಬಂಡಿಯನ್ನು ಮಾತ್ರ ಎಳೆದು ಬಿಡಿ, ಇನ್ನೊಂದನ್ನು ಅದರ ಜಾಗದಲ್ಲೇ ಹಿಡಿದಿದ್ದು ಅದೇ ಕ್ಷಣ ಬಿಡಿ. ಎಡದ್ದು ಜೋರಾಗಿ ಆಡುತ್ತದೆ, ಕ್ರಮೇಣ ಸೊರಗುತ್ತದೆ. ಸುಮಾರು 3 ಸೆಕೆಂಡಿಗೆ ಅದು ಬಹುತೇಕ ನಿಂತು ಬಲದ್ದು ಪೂರ್ಣ ಅಳತೆಗೆ ಆಡುತ್ತಿರುತ್ತದೆ. ಮತ್ತೆ 3 ಸೆಕೆಂಡಿಗೆ ಆಟ ಮೊದಲಿನವನ ಕೈಗೆ ಮರಳುತ್ತದೆ.

ಈ ಗೊಂದಲದೊಳಗೆ ಎರಡು ಸರಳ ಚಲನೆಗಳು ಅಡಗಿವೆ. ಅವನ್ನು ನಾರ್ಮಲ್ ಮೋಡ್ ಎನ್ನುತ್ತಾರೆ. ಎರಡನ್ನೂ ಒಂದೇ ದಿಕ್ಕಿಗೆ ಒಂದೇ ಅಳತೆ ಎಳೆದು ಬಿಟ್ಟರೆ ನಡುವಿನ ಸ್ಪ್ರಿಂಗ್ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ, ಅದು ಇಲ್ಲದಂತೆಯೇ. ಆಗ ω² = 8/0.5 = 16, ಅಂದರೆ ω = 4. ಎದುರುಬದುರಾಗಿ ಎಳೆದರೆ ನಡುವಿನದು ಎರಡು ಪಟ್ಟು ಹಿಗ್ಗುತ್ತದೆ: ω² = (8 + 2 × 2.25)/0.5 = 25, ಅಂದರೆ ω = 5. ಸೆಕೆಂಡಿಗೆ ಸುಮಾರು 0.64 ಮತ್ತು 0.80 ಆಂದೋಲನ. ಇವೇ ಸಹಜ ಆವೃತ್ತಿಗಳು. ಒಂದನ್ನೇ ಎಳೆದು ಬಿಟ್ಟಾಗ ಈ ಎರಡೂ ಸಮಪಾಲಿನಲ್ಲಿ ಬೆರೆಯುತ್ತವೆ, 4 ಮತ್ತು 5ರ ವ್ಯತ್ಯಾಸವೇ ಮೇಲಿನ ಕೈಬದಲಾವಣೆಯಾಗಿ ಕಾಣಿಸುತ್ತದೆ.

ಇದು ಸಮರೂಪದ ಕೃಪೆ. ಬಲಬಂಡಿಯ ಮೇಲೆ ಅರ್ಧ ಕಿಲೋ ತೂಕ ಹೇರಿದರೆ ಊಹೆ ಸಾಲದು. ಪ್ರತಿ ಬಂಡಿಗೂ ಬಲದ ಸಮೀಕರಣ ಬರೆದು, ಎರಡೂ ಒಂದೇ ω ನಲ್ಲಿ ಆಡುತ್ತವೆ ಎಂದು ಹಿಡಿಯಬೇಕು. ಎರಡೂ ಸುಮ್ಮನೆ ನಿಂತಿರುವುದಲ್ಲದ ಉತ್ತರ ಸಿಗಬೇಕಾದರೆ

(10.25 − 0.5ω²)(10.25 − ω²) = 2.25²

ಆಗಬೇಕು. ಇಲ್ಲಿ 10.25 ಎಂದರೆ ಒಂದು ಬಂಡಿಯನ್ನು ಹಿಡಿದಿರುವ ಎರಡು ಸ್ಪ್ರಿಂಗುಗಳ ಮೊತ್ತ. ಬಿಡಿಸಿದರೆ ω ಸುಮಾರು 3.06 ಮತ್ತು 4.63. ನಿಧಾನದ ಮೋಡಿನಲ್ಲಿ ಭಾರದ ಬಂಡಿ ಹಗುರದ್ದಕ್ಕಿಂತ 2.48 ಪಟ್ಟು ದೂರ ಆಡುತ್ತದೆ. ವೇಗದ್ದರಲ್ಲಿ ಎದುರು ದಿಕ್ಕಿಗೆ ಐದನೆಯ ಒಂದು ಪಾಲು ಮಾತ್ರ.

ಹೊಸಬರ ಕೈ ತಪ್ಪುವುದು ನಡುವಿನ ಸ್ಪ್ರಿಂಗಿನ ಚಿಹ್ನೆಯಲ್ಲಿ. ಎರಡೂ ಸ್ಥಾನಪಲ್ಲಟಗಳನ್ನು ಸಮ ಮಾಡಿ ನೋಡಿ: ಅದರ ಬಲ ಸೊನ್ನೆಯಾಗದಿದ್ದರೆ ಸಮೀಕರಣ ತಪ್ಪು. ಉತ್ತರ ಸಿಕ್ಕ ಮೇಲೂ ಒಂದು ಪರೀಕ್ಷೆಯಿದೆ. ಪ್ರತಿ ಬಂಡಿಗೂ ಅದರ ತೂಕವನ್ನು ಎರಡು ಮೋಡುಗಳಲ್ಲಿನ ಅದರ ಅಳತೆಗಳಿಂದ ಗುಣಿಸಿ ಕೂಡಿಸಿ. ಇಲ್ಲಿ 0.5 × 1 × 1 + 1 × 2.48 × (−0.20), ಬಹುತೇಕ ಸೊನ್ನೆ, ಉಳಿದದ್ದು ದಶಮಾಂಶ ಕತ್ತರಿಸಿದ ಪರಿಣಾಮ. ಮೊತ್ತ ಸೊನ್ನೆಯಿಂದ ದೂರವಿದ್ದರೆ ಲೆಕ್ಕವನ್ನು ಮೊದಲಿನಿಂದ ಮಾಡಿ.