‘ನೋಡುವ’ ಎಂಬ ಉತ್ತರದ ಬೆಲೆ

ನವಿ ಮುಂಬಯಿಯ ಸೀವುಡ್ಸ್‌ನಂಥ ಕಡೆ ಹೋಟೆಲು ನಡೆಸುವ ನಮ್ಮವರ ಬಳಿಗೆ ಸಪ್ಲೈಯರುಗಳು ಬರುವುದು ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತಿನಲ್ಲಿ. ಅಕ್ಕಿ ಉದ್ದಿನವರು ತುರ್ಭೆಯ ಎಪಿಎಂಸಿ ಕಡೆಯಿಂದ ಬರುತ್ತಾರೆ. ಕಾಫಿಪುಡಿಯವರು ಮಾಟುಂಗದಿಂದಲೋ ನೇರ ಚಿಕ್ಕಮಗಳೂರಿನಿಂದಲೋ. ಹೊಸ ಪ್ರಸ್ತಾಪವೊಂದನ್ನು ಗಲ್ಲಾಪೆಟ್ಟಿಗೆಯ ಪಕ್ಕ ಬಿಚ್ಚಿಡುತ್ತಾರೆ. ಮಾಲೀಕರು ಪೂರ್ತಿ ಕೇಳುತ್ತಾರೆ, ಕಾಫಿ ತರಿಸುತ್ತಾರೆ, ಕೊನೆಗೆ ‘ನೋಡುವ’ ಎನ್ನುತ್ತಾರೆ. ಮನಸ್ಸಿನಲ್ಲಿ ಬೇಡವೆಂದು ಆಗಲೇ ತೀರ್ಮಾನವಾಗಿದ್ದರೂ ಉತ್ತರ ಇಷ್ಟೇ. ಇದನ್ನು ನಮ್ಮ ಹೋಟೆಲು ವಲಯ ಸೌಜನ್ಯ ಎಂದು ಬಗೆದಿದೆ. ನನ್ನ ಅಭಿಪ್ರಾಯದಲ್ಲಿ ಇದು ಸೌಜನ್ಯವಲ್ಲ. ಸಂಬಂಧ ಉಳಿಸಲೆಂದು ಹುಟ್ಟಿಕೊಂಡ ಈ ಪದ್ಧತಿಯೇ ಸಂಬಂಧವನ್ನು ಸವೆಸುತ್ತದೆ.

ಕಾಫಿಪುಡಿಯ ಒಂದು ಪ್ರಸ್ತಾಪವನ್ನೇ ತೆಗೆದುಕೊಳ್ಳೋಣ, ಈಚಿನ ವರ್ಷಗಳಲ್ಲಿ ಇದು ಸಾಮಾನ್ಯವಾಗಿದೆ. ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟವು, ನಮೂನೆ ಮಾತ್ರ ಚಾಲ್ತಿಯಲ್ಲಿರುವುದೇ. ಏಳೆಂಟು ವರ್ಷಗಳಿಂದ ಪುಡಿ ಕೊಡುತ್ತಿರುವವರು ಬಂದು, ಡಿಕಾಕ್ಷನ್ ಇಳಿಸುವ ಮೆಷಿನ್ನನ್ನು ಪುಕ್ಕಟೆ ಇಡುತ್ತೇವೆ, ಕಿಲೋಗೆ 620 ರೂಪಾಯಿಯ ಪುಡಿಯನ್ನು 590ಕ್ಕೆ ಕೊಡುತ್ತೇವೆ ಎನ್ನುತ್ತಾರೆ. ಷರತ್ತುಗಳು ಮೂರು: ತಿಂಗಳಿಗೆ ಕನಿಷ್ಠ 70 ಕಿಲೋ ಎತ್ತಬೇಕು, ಕಡಿಮೆಯಾದರೆ ಕಡಿಮೆಯಾದ ಪ್ರತಿ ಕಿಲೋಗೆ 100 ರೂಪಾಯಿ ಕಟ್ಟಬೇಕು; ಎರಡು ವರ್ಷ ಬೇರೆಯವರ ಪುಡಿ ಬಳಸಬಾರದು; ಮೆಷಿನ್ನಿಗೆ 25,000 ರೂಪಾಯಿ ಡಿಪಾಸಿಟ್ ಇಡಬೇಕು.

ಮುಂಬಯಿ ಕಡೆ ಉಡುಪಿ ಹೋಟೆಲಿನಲ್ಲೂ ಚಹಾ ಕಾಫಿಗಿಂತ ಹೆಚ್ಚು ಓಡುತ್ತದೆ. ದಿನಕ್ಕೆ 180 ಕಾಫಿ, ಕಪ್ಪಿಗೆ 9 ಗ್ರಾಂ ಪುಡಿ ಎಂದರೆ ದಿನಕ್ಕೆ 1.6 ಕಿಲೋ ಚಿಲ್ಲರೆ, ತಿಂಗಳಿಗೆ ಸುಮಾರು 49 ಕಿಲೋ. ದರ ಇಳಿದದ್ದರಿಂದ ಉಳಿಯುವುದು 1,470 ರೂಪಾಯಿ. 21 ಕಿಲೋ ಕಡಿಮೆ ಎತ್ತಿದ್ದಕ್ಕೆ ಕಟ್ಟಬೇಕಾದದ್ದು 2,100. ಅಲ್ಲಿಗೆ ತಿಂಗಳಿಗೆ 630 ರೂಪಾಯಿ ಕೈಯಿಂದ ಹೋಯಿತು, ಡಿಪಾಸಿಟ್ಟಿನ ಹಣವೂ ಸಿಕ್ಕಿಕೊಂಡಿತು. ಮೇ ತಿಂಗಳಲ್ಲಿ ಗಿರಾಕಿಗಳ ಮನೆಮಂದಿಯೆಲ್ಲ ಊರಿಗೆ ಹೋದಾಗ ಈ ಲೆಕ್ಕ ಇನ್ನೂ ಕೆಡುತ್ತದೆ. ಐದು ಶೇಕಡಾ ಜಿಎಸ್‌ಟಿ ಕಟ್ಟುವ ಸಾಮಾನ್ಯ ಹೋಟೆಲಿಗೆ ಖರೀದಿಯ ಮೇಲಿನ ತೆರಿಗೆ ವಾಪಸು ಸಿಗುವುದಿಲ್ಲವಾದ್ದರಿಂದ, ದರವನ್ನು ತೆರಿಗೆ ಸೇರಿಸಿಯೇ ಹೋಲಿಸಬೇಕು. ಇಷ್ಟನ್ನು ಅನುಭವಿ ಮಾಲೀಕರು ಎದುರಿಗಿದ್ದವರ ಮಾತು ಮುಗಿಯುವುದರೊಳಗೆ ಮನಸ್ಸಿನಲ್ಲೇ ಹಾಕಿಬಿಡುತ್ತಾರೆ. ಆದರೂ ಬಾಯಲ್ಲಿ ಬರುವುದು ‘ನೋಡುವ’.

ಆ ಒಂದು ಮಾತಿನ ನಂತರ ಕೊಡುವವನ ಕಡೆ ಏನೇನು ನಡೆಯುತ್ತದೆ ಎಂಬುದನ್ನು ನಮ್ಮವರು ಯೋಚಿಸುವುದು ಕಡಿಮೆ. ಅವನು ಆ ಮೆಷಿನ್ನನ್ನು ಇನ್ನೊಬ್ಬರಿಗೆ ಹೇಳದೆ ತೆಗೆದಿಟ್ಟಿರುತ್ತಾನೆ. 590ರ ದರ ಅವನ ಕೈಯಲ್ಲಿರುವ ಬೀಜದ ಬೆಲೆಯ ಮೇಲೆ ನಿಂತದ್ದು. 2024ರಿಂದ 2025ರ ಆರಂಭದ ತನಕ ಕಾಫಿ ಬೀಜದ ಬೆಲೆ ಏರಿದ ರೀತಿ ನೋಡಿದವರಿಗೆ, ಒಂದು ದರವನ್ನು ಮೂರು ವಾರ ಹಿಡಿದಿಡುವುದು ಎಷ್ಟು ಕಷ್ಟವೆಂದು ಗೊತ್ತು. ಪ್ರತಿ ಸಲ ಪುಡಿ ಇಳಿಸಲು ಬಂದಾಗ ಅವನು ಕೇಳುತ್ತಾನೆ, ಇವರು ತಪ್ಪಿಸಿಕೊಳ್ಳುತ್ತಾರೆ. ಕೆಲವು ದಿನಗಳಲ್ಲಿ ಮಾಲೀಕರು ಅವನ ಫೋನನ್ನೇ ಎತ್ತುವುದಿಲ್ಲ, ಎಂದಿನ ಆರ್ಡರನ್ನೂ ಹುಡುಗನ ಕೈಲಿ ಹೇಳಿಸುತ್ತಾರೆ. ಬೇಡವೆಂಬುದು ಕೊನೆಗೂ ಅವನಿಗೆ ತಿಳಿಯುತ್ತದೆ, ಆದರೆ ಯಾರೂ ಹೇಳದೆ, ಅವಮಾನದ ಜೊತೆಗೆ. ಬೇಡ ಎಂದದ್ದಕ್ಕೆ ಅವನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ವ್ಯಾಪಾರದಲ್ಲಿ ಅದು ದಿನಾ ಕೇಳುವ ಮಾತು. ಅಲೆಸಿದ್ದು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ.

ಈ ಪದ್ಧತಿಯ ಇನ್ನೊಂದು ದೋಷ ಕಾನೂನಿನದು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ‘ನೋಡುವ’ ಎಂದ ಮರುದಿನವೇ ಕೊಡುವವರು ಮೆಷಿನ್ ತಂದು ‘ಟ್ರಯಲ್‌ಗೆ ಇರಲಿ’ ಎಂದು ಇಟ್ಟುಹೋಗುವುದುಂಟು. ಅಡುಗೆಮನೆಯಲ್ಲಿ ಅದನ್ನು ಬಳಸಲು ತೊಡಗುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 8ನೇ ಕಲಮಿನ ಪ್ರಕಾರ, ಪ್ರಸ್ತಾಪದ ಷರತ್ತಿನಂತೆ ನಡೆದುಕೊಳ್ಳುವುದು ಅಥವಾ ಪ್ರಸ್ತಾಪದ ಜೊತೆ ಬಂದ ಪ್ರತಿಫಲವನ್ನು ಸ್ವೀಕರಿಸುವುದು ಕೂಡ ಒಪ್ಪಿಗೆಯೇ. ಸುಮ್ಮನಿದ್ದ ಮಾತ್ರಕ್ಕೆ ಒಪ್ಪಿಗೆಯಾಗುವುದಿಲ್ಲ, ನಿಜ. ಆದರೆ ಷರತ್ತುಗಳ ಕಾಗದ ಕೈಯಲ್ಲಿದ್ದು, ಮೆಷಿನ್ ಓಡುತ್ತಿದ್ದು, ಬಿಲ್ಲು 590ರ ದರದಲ್ಲಿ ಬಂದು ಅದನ್ನು ಪಾವತಿಸಿದ್ದರೆ, ನಾನು ಒಪ್ಪಿರಲಿಲ್ಲ ಎಂದು ವಾದಿಸುವುದು ಸುಲಭವಲ್ಲ. ಬೇಡವೆನ್ನುವವರು ಮೆಷಿನ್ನನ್ನು ಇಳಿಸಿಕೊಳ್ಳಲೇಬಾರದು. ಇಳಿಸಿಕೊಂಡಿದ್ದರೆ ತೊಳೆದು, ಜೊತೆಗೆ ಬಂದ ಫಿಲ್ಟರು, ಟ್ರೇ, ವೈರು ಎಲ್ಲವನ್ನೂ ಎಣಿಸಿ, ವಾಪಸು ಕೊಟ್ಟದ್ದಕ್ಕೆ ಸಹಿ ಪಡೆದುಕೊಳ್ಳಬೇಕು. ರುಚಿ ನೋಡಲೆಂದು ಕೊಟ್ಟ ಸ್ಯಾಂಪಲ್ ಪುಡಿ ಒಂದೆರಡು ಕಿಲೋ ಮೀರಿದ್ದು ಗಿರಾಕಿಗೂ ಹೋಗಿದ್ದರೆ ಅದರ ದುಡ್ಡು ಕೊಟ್ಟುಬಿಡಬೇಕು. ಅವನು ಬೇಡವೆಂದರೂ ಕೊಡಬೇಕು.

ಹಾಗಾದರೆ ಒಳ್ಳೆಯ ನಿರಾಕರಣೆ ಹೇಗಿರುತ್ತದೆ? ದೊಡ್ಡ ಕಂಪನಿಗಳ ಖರೀದಿ ವಿಭಾಗದವರು ಕಳಿಸುವ ಕಾಗದ ಇದಕ್ಕೆ ಮಾದರಿಯಲ್ಲ. ನಿಮ್ಮ ಆಸಕ್ತಿಗೆ ಧನ್ಯವಾದ, ಸದ್ಯಕ್ಕೆ ಮುಂದುವರಿಯಲಾಗುತ್ತಿಲ್ಲ ಎಂಬ ಎರಡು ಸಾಲಿನಲ್ಲಿ ಮರ್ಯಾದೆ ಇದೆ, ಆದರೆ ಕಾರಣವಿಲ್ಲ. ಹತ್ತಾರು ವರ್ಷ ಮುಖ ನೋಡಬೇಕಾದವರಿಗೆ ಕಾರಣವಿಲ್ಲದ ಉತ್ತರ ಬಾಗಿಲು ಹಾಕಿದಂತೆ ಕೇಳಿಸುತ್ತದೆ. ನಮ್ಮವರ ಇನ್ನೊಂದು ಉಪಾಯ ಹುಸಿ ಕಾರಣ: ‘ಪಾರ್ಟ್ನರ್ ಒಪ್ಪುವುದಿಲ್ಲ’, ‘ಅಣ್ಣ ಊರಿಗೆ ಹೋಗಿದ್ದಾರೆ’. ಅವನು ಆ ಅಣ್ಣನಿಗೇ ಫೋನ್ ಮಾಡುತ್ತಾನೆ. ಇದಕ್ಕಿಂತಲೂ ಕೆಟ್ಟದ್ದು, ಬೇರೆಯವರ ದರ ತೋರಿಸಿ ನಿಮ್ಮದು ಜಾಸ್ತಿ ಎನ್ನುವುದು. ಇವತ್ತು ಬೇರೆಯವರ ದರ ತನಗೆ ತೋರಿಸಿದವರು ನಾಳೆ ತನ್ನ ದರ ಅವರಿಗೆ ತೋರಿಸುತ್ತಾರೆಂದು ಅವನಿಗೆ ಆ ಕ್ಷಣ ಖಾತ್ರಿಯಾಗುತ್ತದೆ.

ಕಾರಣವನ್ನು ಆರಿಸುವಲ್ಲಿಯೇ ಈ ಕೆಲಸದ ಸೂಕ್ಷ್ಮವಿದೆ. ಮಾಲೀಕರು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಅಡ್ಡಿ ಹೋದರೆ ನಾನು ಒಪ್ಪುತ್ತೇನೆಯೇ? ನಮ್ಮ ಲೆಕ್ಕದಲ್ಲಿ ‘70 ಕಿಲೋ ಆಗುವುದಿಲ್ಲ’ ಎಂದು ಹೇಳಿದರೆ, ಕೊಡುವವನು ಜಾಣನಾಗಿದ್ದರೆ ತಕ್ಷಣ ‘50ಕ್ಕೆ ಇಳಿಸುತ್ತೇನೆ’ ಎನ್ನುತ್ತಾನೆ. ಆಗ ಮಾಲೀಕರು ಇನ್ನೊಂದು ಕಾರಣ ಹುಡುಕಬೇಕು. ಡಿಪಾಸಿಟ್ ಎನ್ನುತ್ತಾರೆ, ಅವನು ಅದನ್ನೂ ಬಿಡುತ್ತಾನೆ. ಮೂರನೇ ಸಲಕ್ಕೆ ಇಬ್ಬರಿಗೂ ಮುಜುಗರ. ನಿಜವಾದ ಅಡ್ಡಿ ಬಹುಶಃ ಎರಡು ವರ್ಷ ಒಬ್ಬರಿಗೇ ಕಟ್ಟುಬೀಳುವುದು. ಒಂದು ಕಡೆಯ ಮಾಲು ತಡವಾದ ದಿನ ಇನ್ನೊಂದು ಕಡೆಯಿಂದ ತರಿಸುವ ದಾರಿ ಬೇಕು ಎಂಬುದು. ಅದನ್ನೇ ಹೇಳಬೇಕು. ಅದು ಹೋಟೆಲಿನ ಅಗತ್ಯ, ಅವನ ಪುಡಿಯ ದೋಷವಲ್ಲ, ಚೌಕಾಸಿಗೂ ಸಿಗುವುದಿಲ್ಲ.

ಚೌಕಾಸಿಯ ಬಗ್ಗೆ ಒಂದು ಮಾತು ಸೇರಿಸಬೇಕು. ‘560 ಮಾಡಿದರೆ ನೋಡಬಹುದು’ ಎಂದು ಸುಮ್ಮನೆ ಎಸೆಯುವ ಅಭ್ಯಾಸ ಹಲವರಿಗಿದೆ, ಒಪ್ಪುವ ಇಚ್ಛೆ ಇಲ್ಲದಿದ್ದರೂ. 1840ರಲ್ಲಿ ಇಂಗ್ಲೆಂಡಿನ ಹೈಡ್ ಮತ್ತು ರೆಂಚ್ ನಡುವಿನ ಮೊಕದ್ದಮೆಯಲ್ಲಿ, 1000 ಪೌಂಡಿಗೆ ಕೊಡುತ್ತೇನೆಂದ ಜಮೀನನ್ನು ಹೈಡ್ 950ಕ್ಕೆ ಕೇಳಿದ. ರೆಂಚ್ ಒಪ್ಪದಿದ್ದಾಗ 1000ಕ್ಕೇ ಆಗಲಿ ಎಂದು ಹಿಂದಿರುಗಿದ. ಕೋರ್ಟು ಕರಾರು ಆಗಿಲ್ಲ ಎಂದಿತು, ಏಕೆಂದರೆ 950 ಎಂದ ಕ್ಷಣವೇ ಮೊದಲಿನ ಪ್ರಸ್ತಾಪ ತಿರಸ್ಕೃತವಾಗಿತ್ತು. ನಮ್ಮ ಕಾಯ್ದೆಯ 7ನೇ ಕಲಮು ಕೂಡ ಒಪ್ಪಿಗೆ ಪೂರ್ಣವಾಗಿ, ಷರತ್ತಿಲ್ಲದೆ ಇರಬೇಕೆನ್ನುತ್ತದೆ. ಬೆಲೆ ಕಡಿಮೆ ಕೇಳಿದವರು ಒಂದು ಬಗೆಯಲ್ಲಿ ಆಗಲೇ ಬೇಡವೆಂದಿರುತ್ತಾರೆ. ಇನ್ನು ಅವನು 560ಕ್ಕೆ ಒಪ್ಪಿಬಿಟ್ಟರೆ ಸಿಕ್ಕಿಬೀಳುವುದು ಕೇಳಿದವರೇ. ಕೊಳ್ಳುವ ಮನಸ್ಸಿಲ್ಲದವರು ಬೆಲೆ ಕೇಳಬಾರದು.

ಹೇಳುವವರು ಮಾಲೀಕರೇ ಆಗಿರಬೇಕು, ಮ್ಯಾನೇಜರೂ ಅಲ್ಲ, ಗಲ್ಲೆಯ ಹುಡುಗನೂ ಅಲ್ಲ. ಎರಡು ಮೂರು ದಿನದೊಳಗೆ, ಮೊದಲು ಫೋನಿನಲ್ಲಿ, ಆಮೇಲೆ ವಾಟ್ಸಾಪಿನಲ್ಲಿ ನಾಲ್ಕು ಸಾಲು. ಹೀಗಿದ್ದರೆ ಸಾಕು:

“ಗೌಡ್ರೇ, ಮೆಷಿನ್ ವಿಷಯ ಕೂತು ಲೆಕ್ಕ ಹಾಕಿದೆ. ನಮಗೆ ಅದು ಬೇಡ. ಎರಡು ವರ್ಷ ಒಬ್ಬರದ್ದೇ ಪುಡಿ ಅಂತ ಕಟ್ಟಿಹಾಕಿಕೊಳ್ಳಲು ನನಗೆ ಆಗುವುದಿಲ್ಲ, ರೇಟು ಎಷ್ಟೇ ಇಳಿದರೂ. ಮೆಷಿನ್ ನೀವು ಬೇರೆಯವರಿಗೆ ಹೇಳಿ, ನನಗಾಗಿ ಹಿಡಿದಿಡಬೇಡಿ. ಈಗಿನ ಪುಡಿ ಈಗಿನ ರೇಟಿಗೇ ಎಂದಿನ ಹಾಗೆ ಬರಲಿ, ಸೋಮವಾರದ 12 ಕಿಲೋ ಕಳಿಸಿ.”

ಕೊನೆಯ ಸಾಲಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಬೇಡವೆಂದದ್ದು ಪ್ರಸ್ತಾಪಕ್ಕೆ, ವ್ಯಾಪಾರಕ್ಕಲ್ಲ ಎಂಬುದನ್ನು ‘ನಮ್ಮ ಸಂಬಂಧ ಹಾಗೇ ಇರಲಿ’ ಎಂಬ ಮಾತಿಗಿಂತ ಸೋಮವಾರದ ಆರ್ಡರು ಚೆನ್ನಾಗಿ ತಿಳಿಸುತ್ತದೆ. ‘ಮುಂದಿನ ವರ್ಷ ಯೋಚಿಸುವ’ ಎಂಬ ಸಾಲು ಅಲ್ಲಿ ಇಲ್ಲ; ನಿಜವಾಗಿ ಯೋಚಿಸುವ ಉದ್ದೇಶವಿದ್ದರೆ ತಿಂಗಳು ಹೇಳಿ ಬರೆಯಬೇಕು, ಇಲ್ಲದಿದ್ದರೆ ಬರೆಯಬಾರದು.

ಆಮೇಲೆ ಬರುವ ಮೊದಲ ಬಿಲ್ಲಿನಲ್ಲಿ ನಿಜವಾದ ಪರೀಕ್ಷೆ. ಎಂದೂ 30 ದಿನಕ್ಕೆ ಕೊಡುತ್ತಿದ್ದ ಹಣ ಆ ತಿಂಗಳು 40 ದಿನವಾದರೆ, ಕಾರಣ ಬೇರೆ ಏನೇ ಇರಲಿ, ಅವನು ಅದನ್ನು ನಿರಾಕರಣೆಯ ಮುಂದುವರಿಕೆ ಎಂದೇ ಓದುತ್ತಾನೆ. ಬೀಜವನ್ನು ತಾನೇ ಹುರಿದು ಬೀಸುವ ಸಣ್ಣ ಘಟಕ ಉದ್ಯಮ ನೋಂದಣಿ ಮಾಡಿಸಿದ್ದರೆ ಅವನಿಗೆ 2006ರ ಎಂಎಸ್‌ಎಂಇ ಕಾಯ್ದೆಯ ರಕ್ಷಣೆಯೂ ಇದೆ: ಲಿಖಿತ ಒಪ್ಪಂದವಿದ್ದರೂ ಪಾವತಿ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಣ್ಣ ಸಪ್ಲೈಯರುಗಳು ಗಿರಾಕಿ ಕೈಬಿಟ್ಟುಹೋಗುವ ಭಯಕ್ಕೆ ಈ ಬಡ್ಡಿಯನ್ನು ಕೇಳುವುದು ಅಪರೂಪ. ಕೇಳದಿರುವವರ ಹಣವನ್ನು ಆ ತಿಂಗಳು ಎರಡು ದಿನ ಮುಂಚೆಯೇ ಕೊಡುವುದು ಮಾಲೀಕರ ಕೈಯಲ್ಲಿದೆ.

ಈ ವಿಧಾನ ಎಲ್ಲ ಕಡೆ ಇಷ್ಟು ಸಲೀಸಲ್ಲ. ಪ್ರಸ್ತಾಪ ತಂದವರು ಹೆಂಡತಿಯ ಕಡೆಯ ಭಾವನಾಗಿದ್ದರೆ, ಭಾನುವಾರ ಜುಯಿನಗರದ ಬಂಟ್ಸ್ ಸೆಂಟರಿನ ಮದುವೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುವವರಾಗಿದ್ದರೆ, ಮಾತು ವ್ಯಾಪಾರದೊಳಗೆ ನಿಲ್ಲುವುದಿಲ್ಲ. ಅಂಥಲ್ಲಿ ವಾಟ್ಸಾಪ್ ಸಾಲುಗಳು ಒರಟಾಗಿ ಕಾಣುತ್ತವೆ; ಮದುವೆಗೆ ಮೊದಲೇ ಅವರ ಅಂಗಡಿಗೆ ಹೋಗಿ, ಲೆಕ್ಕದ ಚೀಟಿ ಮುಂದಿಟ್ಟು, ಬಾಯಲ್ಲೇ ಬೇಡ ಎಂದು ಬರಬೇಕು. ಮದುವೆಯ ದಿನಕ್ಕೆ ಆ ಮಾತು ಹಳೆಯದಾಗಿರಬೇಕು. ಕೆಲವರು ಆ ಮೇಲೂ ಮುನಿಯುತ್ತಾರೆ, ಮಾಲು ನಿಲ್ಲಿಸುತ್ತಾರೆ. ಒಂದು ಪ್ರಸ್ತಾಪ ಒಪ್ಪದಿದ್ದಕ್ಕೆ ಎಂದಿನ ಮಾಲನ್ನೇ ತಡೆಯುವವರ ಬಳಿ ಎರಡು ವರ್ಷಕ್ಕೆ ಕಟ್ಟುಬಿದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಮಾಲೀಕರಿಗೆ ಅಲ್ಲೇ ಉತ್ತರ ಸಿಕ್ಕಿರುತ್ತದೆ.