ಕೇಳಿದವರು ಕೇಳಿದ್ದೇನು?

ಆಪ್ತಸಮಾಲೋಚನೆ, ಸಮಾಜಕಾರ್ಯ, ಶುಶ್ರೂಷೆ ಮೊದಲಾದ ವ್ಯಾಸಂಗಗಳಲ್ಲಿ ಈಗ ಒಂದು ಪ್ರಬಂಧಪ್ರಕಾರವು ನಿರ್ವಿವಾದವಾದ ಗೌರವಕ್ಕೆ ಪಾತ್ರವಾಗಿದೆ. ಇಬ್ಬರು ವಿದ್ಯಾರ್ಥಿಗಳು ಎದುರುಬದುರು ಕುಳಿತು, ಒಬ್ಬರು ಕಷ್ಟ ಹೇಳಿಕೊಳ್ಳುವವರ ಪಾತ್ರವನ್ನೂ ಇನ್ನೊಬ್ಬರು ಆಲಿಸುವವರ ಪಾತ್ರವನ್ನೂ ವಹಿಸಿ, ಮೂರನೆಯವರು ವೀಕ್ಷಕರಾಗಿ ಟಿಪ್ಪಣಿ ಬರೆದುಕೊಂಡು, ಹತ್ತು ಹದಿನೈದು ನಿಮಿಷಗಳ ಸಂಭಾಷಣೆ ಮುಗಿದ ಮೇಲೆ, ಆಲಿಸಿದವರು ಮನೆಗೆ ಹೋಗಿ ತಮ್ಮ ಅನುಭವವನ್ನು ಪರಾಮರ್ಶಿಸಿ ಬರೆದು ಅಂಕಕ್ಕಾಗಿ ಒಪ್ಪಿಸತಕ್ಕ ಬರಹವಿದು. ವಿದ್ಯಾರ್ಥಿಗಳು ಇದನ್ನು ‘ರಿಫ್ಲೆಕ್ಷನ್’ ಎಂದೇ ಕರೆಯುತ್ತಾರೆ. ಸಕ್ರಿಯ ಆಲಿಕೆಯನ್ನೂ ಪರಾನುಭೂತಿಯನ್ನೂ ಕಲಿಸುವುದಕ್ಕೆ ಇದಕ್ಕಿಂತ ಉತ್ತಮವಾದ ಸಾಧನವಿಲ್ಲವೆಂಬ ಮಾತು ಅಧ್ಯಾಪಕರ ಬಾಯಲ್ಲಿ ಕೇಳಿಬರುತ್ತದೆ. ಈ ಕೀರ್ತಿಯು ಅದರ ಯೋಗ್ಯತೆಯನ್ನು ಬಹಳವಾಗಿ ಮೀರಿದುದೆಂಬುದು ನನ್ನ ಅಭಿಪ್ರಾಯ. ಅಭ್ಯಾಸದಲ್ಲಿ ಸತ್ತ್ವವಿದೆ, ಅದರ ಮೇಲೆ ಬರೆಯುವ ಬರಹದಲ್ಲಿ ಮಾತ್ರ ಆ ಸತ್ತ್ವವು ಒಂದು ತೊಟ್ಟೂ ಉಳಿಯುವುದಿಲ್ಲ.

ಕಾರ್ಲ್ ರೋಜರ್ಸ್ 1957ರಲ್ಲಿ ರಿಚರ್ಡ್ ಫಾರ್ಸನ್ನನೊಡನೆ ಸಕ್ರಿಯ ಆಲಿಕೆಯ ಕಿರುಪುಸ್ತಕವನ್ನು ಬರೆದುದೂ, 1969ರಲ್ಲಿ ಕಾರ್ಕಫ್ ಪರಾನುಭೂತಿಯ ಪ್ರತಿಕ್ರಿಯೆಗಳನ್ನು ಐದು ಮೆಟ್ಟಿಲುಗಳಲ್ಲಿ ಅಳೆಯುವ ಮಾನವನ್ನು ಪ್ರಕಟಿಸಿದುದೂ, 1975ರಲ್ಲಿ ಈಗನ್ ಕುಳಿತುಕೊಳ್ಳುವ ಭಂಗಿ, ಬಾಗುವಿಕೆ, ದೃಷ್ಟಿ ಇವಕ್ಕೆಲ್ಲ ಸೂತ್ರ ಹಾಕಿಕೊಟ್ಟುದೂ ಓದುಗರಿಗೆ ತಿಳಿದ ಸಂಗತಿಗಳೇ. ನೆನಪಿಡಬೇಕಾದದ್ದು ಇಷ್ಟು: ಭಾವವನ್ನು ಪ್ರತಿಬಿಂಬಿಸುವ ತನ್ನ ರೀತಿಯು ಅನುಯಾಯಿಗಳ ಕೈಯಲ್ಲಿ ಬರಿಯ ಅಣಕವಾಗಿ ಪರಿಣಮಿಸಿದುದನ್ನು ಕಂಡು ತಾನು ಎಷ್ಟು ಬೇಸತ್ತೆನೆಂದರೆ, ಅನೇಕ ವರ್ಷ ಅದರ ವಿಷಯವನ್ನೇ ಎತ್ತಲಿಲ್ಲವೆಂದು ರೋಜರ್ಸ್ ತಾನೇ 1975ರ ಲೇಖನದಲ್ಲಿ ಒಪ್ಪಿಕೊಂಡಿದ್ದಾನೆ. ಗುರುವಿಗೆ ಬಂದ ಈ ಜಿಗುಪ್ಸೆ ಪಠ್ಯಕ್ರಮಗಳನ್ನು ಇನ್ನೂ ಮುಟ್ಟಿದಂತಿಲ್ಲ.

ಒಂದು ಪ್ರಸಂಗವನ್ನು ಕಲ್ಪಿಸಿಕೊಂಡು ನೋಡೋಣ. ಶುಶ್ರೂಷಾ ತರಗತಿಯಲ್ಲಿ ಒಬ್ಬಾಕೆ ಲಕ್ವ ಹೊಡೆದ ಅತ್ತೆಯನ್ನು ನೋಡಿಕೊಳ್ಳುತ್ತಿರುವ ಸೊಸೆಯಾಗಿ ಹೀಗೆನ್ನುತ್ತಾಳೆ: “ಅತ್ತೆ ರಾತ್ರಿ ಮೂರು ಮೂರು ಸಲ ಎಬ್ಬಿಸ್ತಾರೆ ಸಿಸ್ಟರ್. ಅವರದೇನು ತಪ್ಪು ಬಿಡಿ, ಕೈಕಾಲು ಆಡಲ್ಲ ಪಾಪ. ನಮ್ಮನೆಯವರಿಗಂತೂ ಎಚ್ಚರಾನೇ ಆಗಲ್ಲ.” ಮೂರೇ ವಾಕ್ಯ. ಇದಕ್ಕೆ “ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತೆ” ಎಂದರೆ ಕಾರ್ಕಫ್‌ನ ಕೆಳಗಿನ ಮೆಟ್ಟಿಲೆಂಬುದನ್ನು ಮೊದಲ ವಾರದ ವಿದ್ಯಾರ್ಥಿಯೂ ಬಲ್ಲ. “ಅಂದರೆ, ಅತ್ತೆ ರಾತ್ರಿ ಪದೇ ಪದೇ ಎಬ್ಬಿಸ್ತಾರೆ ಅಂತ ಹೇಳ್ತಿದ್ದೀರಿ” ಎಂಬುದು ಪ್ರತಿಧ್ವನಿ. ರೋಜರ್ಸ್‌ಗೆ ಅಸಹ್ಯ ತಂದದ್ದು ಇದೇ. “ನಿದ್ದೆಗೆಟ್ಟು ನಿಮಗೆ ಸಾಕುಸಾಕಾಗಿ ಹೋಗಿದೆ” ಎಂಬಲ್ಲಿ ಭಾವವೂ ಕಾರಣವೂ ಕೂಡಿ ಬಂದಿವೆ. ಇದು ಮೂರನೆಯ ಮೆಟ್ಟಿಲು, ಅಂದರೆ ಹೇಳಿದವರ ಮಾತಿನ ಜಾಗದಲ್ಲಿ ಇಟ್ಟರೂ ಅರ್ಥ ಕೆಡದಷ್ಟು ಸಮನಾದ ಪ್ರತಿಕ್ರಿಯೆ. ಪರೀಕ್ಷಕರು ಇಲ್ಲಿಗೆ ತೃಪ್ತರಾಗುತ್ತಾರೆ.

ಆದರೆ ಆಕೆಯ ಮಾತನ್ನು ಅದು ಬಂದ ಕ್ರಮದಲ್ಲಿಯೇ ಇನ್ನೊಮ್ಮೆ ಕೇಳಬೇಕು. ಮೊದಲನೆಯ ವಾಕ್ಯ ದೂರು. ಎರಡನೆಯದು, ಯಾರೂ ಅತ್ತೆಯ ಮೇಲೆ ತಪ್ಪು ಹೊರಿಸುವ ಮೊದಲೇ ಆಕೆಯೇ ಮುಂದಾಗಿ ಆ ದೂರನ್ನು ಹಿಂತೆಗೆದುಕೊಂಡದ್ದು; ಸೊಸೆಯಾದವಳು ಅತ್ತೆಯ ಮೇಲೆ ಪರರೆದುರು ಹೇಳಿದ ಮಾತನ್ನು ಒಡನೆಯೇ ತೊಡೆದುಹಾಕುವ ಈ ಎಚ್ಚರಿಕೆಯನ್ನು ನಮ್ಮ ಮನೆಗಳನ್ನು ಬಲ್ಲ ಯಾರೂ ತಪ್ಪಾಗಿ ತಿಳಿಯಲಾರರು. ಮೂರನೆಯದು ಯಾರೂ ಕೇಳದೆ ಬಂದದ್ದು. ಗಂಡನ ಪ್ರಸ್ತಾಪಕ್ಕೆ ಪ್ರಶ್ನೆಯಿರಲಿಲ್ಲ, ಪ್ರಸಂಗವೂ ಇರಲಿಲ್ಲ. ಆದರೂ ಬಂದಿತು, ಮತ್ತು ಬಂದ ಮೇಲೆ ಅದನ್ನು ‘ಪಾಪ’ ಎಂದು ತೊಡೆಯುವ ಯತ್ನ ನಡೆಯಲಿಲ್ಲ. ಅತ್ತೆಗೆ ದೊರೆತ ಕ್ಷಮೆಯು ಗಂಡನಿಗೆ ದೊರೆತಿಲ್ಲವೆಂಬುದೇ ಈ ಮಾತಿನ ತಿರುಳು. ನಿದ್ದೆಗೇಡನ್ನು ಮಾತ್ರ ಎತ್ತಿಹಿಡಿದ ಮೂರನೆಯ ಮೆಟ್ಟಿಲಿನ ಪ್ರತಿಕ್ರಿಯೆಯು ಮೊದಲನೆಯ ವಾಕ್ಯಕ್ಕೆ ಉತ್ತರವಾಗಿ, ಕೊನೆಯದನ್ನು ಕೇಳಿಸಿಕೊಳ್ಳಲೇ ಇಲ್ಲ. ಆಕೆಯೂ “ಹೌದು ಸಿಸ್ಟರ್, ಏನು ಮಾಡೋಕಾಗುತ್ತೆ” ಎಂದು ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಆ ‘ಹೌದು’ ಎಂಬುದನ್ನು ಸಮ್ಮತಿಯೆಂದು ಬರೆದುಕೊಳ್ಳುವ ವೀಕ್ಷಕರು ಬಹಳ.

ಹಾಗಾದರೆ “ನಿಮಗೆ ಗಂಡನ ಮೇಲೆ ಕೋಪ ಬಂದಿದೆ” ಎನ್ನಬೇಕೆ? ಆಳಕ್ಕೆ ಇಳಿದಷ್ಟೂ ಅಂಕ ಏರುವ ಕಾರ್ಕಫ್ ಮಾನವು ಇದಕ್ಕೆ ಆಸೆ ತೋರಿಸುತ್ತದೆ. ಅದರ ದೊಡ್ಡ ದೋಷವೂ ಇದೇ. ಆಕೆ ತಾನೇ ಇನ್ನೂ ಹೆಸರಿಡದ ಭಾವಕ್ಕೆ ಇನ್ನೊಬ್ಬರು ಹೆಸರಿಟ್ಟರೆ, ಆಕೆಗೆ ಉಳಿಯುವುದು ಅಲ್ಲಗಳೆಯುವ ದಾರಿಯೊಂದೇ. ಅದಕ್ಕಿಂತ “ಅತ್ತೆ ಎಬ್ಬಿಸೋದು ಒಂದು ಕಡೆ, ಪಕ್ಕದಲ್ಲಿರೋರು ಏಳದೇ ಇರೋದು ಇನ್ನೂ ಕಷ್ಟ ಅನ್ನಿಸುತ್ತೇನೋ?” ಎಂದು ಅನುಮಾನದ ದನಿಯಲ್ಲಿ ಮುಂದಿಟ್ಟರೆ, ಒಪ್ಪುವುದಕ್ಕೂ ತಿದ್ದುವುದಕ್ಕೂ ಎಡೆಯಿರುತ್ತದೆ. ಇದು ಸರಿಯಾಯಿತೇ ಎಂಬುದನ್ನು ಆಡಿದವರ ಮುಖಭಾವದಿಂದಾಗಲಿ ಸದುದ್ದೇಶದಿಂದಾಗಲಿ ತಿಳಿಯಲಾಗದು. ಆಕೆಯ ಮುಂದಿನ ಎರಡು ಮೂರು ವಾಕ್ಯಗಳಿಂದಲೇ ತಿಳಿಯಬೇಕು. “ಅಯ್ಯೋ, ಅವರೂ ದಿನವೆಲ್ಲ ದುಡಿದು ಬಂದಿರ್ತಾರೆ” ಎಂದು ಆಕೆ ಗಂಡನ ಪಕ್ಷ ವಹಿಸಿದಳೆನ್ನಿ. ಅನನುಭವಿಯು ತಾನು ತಪ್ಪಿದೆನೆಂದು ಗಾಬರಿಗೊಳ್ಳುತ್ತಾನೆ. ಆದರೆ ಆಕೆ ಗಂಡನ ವಿಷಯದಲ್ಲಿಯೇ ಮುಂದುವರಿದು, ಆತ ಯಾವಾಗ ಬರುತ್ತಾನೆ, ಬಂದು ಏನು ಮಾಡುತ್ತಾನೆ ಎಂದು ಹೇಳತೊಡಗಿದರೆ, ಸಮರ್ಥನೆಯ ವೇಷದಲ್ಲಿ ವಿಷಯವು ತೆರೆದುಕೊಂಡಿದೆ. ಅದಕ್ಕೆ ಬದಲಾಗಿ “ಮಾತ್ರೆ ರಾತ್ರೀನೂ ಕೊಡಬೇಕಾ ಸಿಸ್ಟರ್” ಎಂದು ಅತ್ತೆಯ ಔಷಧಕ್ಕೆ ಹಿಂದಿರುಗಿದರೆ, ಆಲಿಸುವವರು ಆಕೆಗಿಂತ ಮುಂದೆ ಹೋಗಿಬಿಟ್ಟಿದ್ದಾರೆ. ಆಗ ಮಾತ್ರೆಯ ವಿಷಯವನ್ನು ಮಾತನಾಡುವುದೇ ಪರಾನುಭೂತಿ.

ಮೂರು ವಾಕ್ಯಗಳಲ್ಲಿ ಯಾವುದನ್ನು ಎತ್ತಿಕೊಳ್ಳುವುದೆಂಬ ಆಯ್ಕೆಯು ನಿಷ್ಪಕ್ಷಪಾತವಾಗಿರಲು ಸಾಧ್ಯವಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ರೋಜರ್ಸ್ ನಡೆಸಿದ ಒಂದು ದೀರ್ಘಕಾಲದ ಚಿಕಿತ್ಸೆಯ ಧ್ವನಿಮುದ್ರಿಕೆಗಳನ್ನು ಟ್ರುಆಕ್ಸ್ 1966ರಲ್ಲಿ ಪರಿಶೀಲಿಸಿ, ರೋಗಿಯ ಮಾತು ಕೆಲವು ಬಗೆಯದಾದಾಗ ರೋಜರ್ಸ್‌ನ ಆರ್ದ್ರತೆ ಹೆಚ್ಚುತ್ತಿತ್ತೆಂದೂ, ಅಂಥ ಮಾತುಗಳಲ್ಲಿ ಹಲವು ಕಾಲಕ್ರಮದಲ್ಲಿ ಹೆಚ್ಚಾದುವೆಂದೂ ತೋರಿಸಿದನು. ತಾನು ದಾರಿ ತೋರಿಸುವುದಿಲ್ಲವೆಂದು ಪ್ರತಿಜ್ಞೆ ಮಾಡಿದವನ ಸ್ಥಿತಿಯೇ ಹೀಗಾದರೆ, ‘ನಾನು ಯಾವ ತೀರ್ಪೂ ಇಲ್ಲದೆ ಆಲಿಸಿದೆ’ ಎಂದು ಬರೆಯುವ ಎರಡನೆಯ ಸೆಮಿಸ್ಟರ್‌ನ ವಿದ್ಯಾರ್ಥಿಯ ಮಾತನ್ನು ಹೇಗೆ ನಂಬುವುದು?

ಈಗ ಆ ಪ್ರಸಂಗದ ಮೇಲೆ ಬರುವ ಬರಹಕ್ಕೆ ಹೋಗೋಣ. ಗಿಬ್ಸ್ 1988ರಲ್ಲಿ ಹಾಕಿಕೊಟ್ಟ ಚಕ್ರದ ಆರು ಶೀರ್ಷಿಕೆಗಳ ಕೆಳಗೆ ವಿದ್ಯಾರ್ಥಿನಿ ಬರೆಯುತ್ತಾಳೆ: ತಾನು ಮುಂದಕ್ಕೆ ಬಾಗಿ ಕುಳಿತಿದ್ದೆ, ಕಣ್ಣಲ್ಲಿ ಕಣ್ಣಿಟ್ಟಿದ್ದೆ, ತಲೆದೂಗುತ್ತಿದ್ದೆ, ಮೊದಲು ಅಳುಕಿತ್ತು, ಆಮೇಲೆ ಆತ್ಮವಿಶ್ವಾಸ ಬಂತು, ಮುಂದೆ ಮೌನಕ್ಕೆ ಹೆಚ್ಚು ಅವಕಾಶ ಕೊಡುವೆ. ಸಾವಿರಾರು ಪದಗಳ ಈ ಬರಹದಲ್ಲಿ ಸೊಸೆಯಾದವಳು ಆಡಿದ ಒಂದು ವಾಕ್ಯವೂ ಇರುವುದಿಲ್ಲ. ಪರರನ್ನು ಆಲಿಸುವ ವಿದ್ಯೆಯ ಪರೀಕ್ಷೆಯು ತನ್ನನ್ನು ತಾನೇ ವರ್ಣಿಸಿಕೊಳ್ಳುವ ಪರೀಕ್ಷೆಯಾಗಿ ಮುಗಿಯುತ್ತದೆ. ಗಿಬ್ಸ್‌ನ ಚಕ್ರವನ್ನು ನಾನು ದೂರುತ್ತಿಲ್ಲ. ಪ್ರಸಂಗವನ್ನು ವರ್ಣಿಸಬೇಕೆಂದು ಅದು ಮೊದಲಲ್ಲಿಯೇ ಹೇಳುತ್ತದೆ. ಆ ವರ್ಣನೆ ಅಂದಾಜಿನದಾದರೆ ಅದರ ಮೇಲೆ ಕಟ್ಟಿದ ವಿಶ್ಲೇಷಣೆಗೆ ಆಧಾರವೇ ಇಲ್ಲ. 1942ರಷ್ಟು ಹಿಂದೆಯೇ ರೋಜರ್ಸ್ ಒಂದು ಚಿಕಿತ್ಸೆಯ ಮಾತುಕತೆಗಳನ್ನೆಲ್ಲ ಧ್ವನಿಮುದ್ರಿಸಿಕೊಂಡು ಅಕ್ಷರಶಃ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದನು. ಜೇಬಿನಲ್ಲಿ ಧ್ವನಿಮುದ್ರಣಯಂತ್ರವಿರುವ ಈ ಕಾಲದಲ್ಲಿ ನಾವು ನೆನಪಿನಿಂದ ಬರೆಯುತ್ತಿದ್ದೇವೆ.

ಈ ಅಭ್ಯಾಸವನ್ನು ಆಕ್ಷೇಪಿಸುವವರು ಬೇರೆಯವರೂ ಇದ್ದಾರೆ. ಅವರೊಡನೆ ನನ್ನನ್ನು ಸೇರಿಸಬಾರದೆಂದು ಪ್ರಾರ್ಥನೆ. ಗಾಟ್‌ಮನ್ ಮತ್ತು ಸಂಗಡಿಗರು 1998ರಲ್ಲಿ 130 ನವದಂಪತಿಗಳ ಅಧ್ಯಯನವನ್ನು ಪ್ರಕಟಿಸಿ, ಸಕ್ರಿಯ ಆಲಿಕೆಯಿಂದ ದಾಂಪತ್ಯದ ಸುಖವನ್ನು ಮುಂದಾಗಿ ಹೇಳಲಾಗಲಿಲ್ಲವೆಂದುದನ್ನು ಹಿಡಿದು, ಈ ವಿದ್ಯೆಯೇ ಹುಸಿಯೆಂದು ಸಾರುವವರುಂಟು. ಆ ದಂಪತಿಗಳಿಗೆ ಯಾರೂ ಆಲಿಕೆಯನ್ನು ಕಲಿಸಿರಲಿಲ್ಲ. ತಮ್ಮ ಜಗಳದ ನಡುವೆ ಅವರು ಸಹಜವಾಗಿ ಆಡಿದುದನ್ನು ಅಳೆಯಲಾಗಿತ್ತು. ಸ್ಟ್ಯಾನ್ಲಿ, ಬ್ರಾಡ್‌ಬರಿ, ಮಾರ್ಕ್‌ಮನ್ ಇವರು 2000ದಲ್ಲಿ ಆ ಅಧ್ಯಯನದ ವಿಧಾನವನ್ನು ಕಟುವಾಗಿ ಪ್ರಶ್ನಿಸಿದ್ದಾರೆ. ಅದಕ್ಕಿಂತ ಮುಖ್ಯವಾದುದು, ಗಂಡಹೆಂಡಿರ ಕಲಹದಲ್ಲಿ ಆಲಿಸಬೇಕಾದವನೇ ಆರೋಪಿ. ದಾದಿಯ ಮೇಲೆ ಸೊಸೆಯ ಆರೋಪವೇನೂ ಇಲ್ಲ. ಒಂದರಲ್ಲಿ ಕಂಡ ಸೋಲನ್ನು ಇನ್ನೊಂದಕ್ಕೆ ಹೊರಿಸುವುದು ತರ್ಕವಲ್ಲ.

ಇನ್ನೊಂದು ಬಣವು ಹೆಚ್ಚು ಗೌರವಾರ್ಹವಾದದ್ದು, ಅಷ್ಟೇ ಹೆಚ್ಚಾಗಿ ದುರುಪಯೋಗಕ್ಕೊಳಗಾದದ್ದು. ಭಾರತೀಯನಿಗೆ ಬೇಕಾದುದು ಕನ್ನಡಿಯಲ್ಲ, ಮಾರ್ಗದರ್ಶನ ಎಂಬುದು ಅದರ ವಾದ. ಗುರುಶಿಷ್ಯ ಸಂಬಂಧವೇ ನಮ್ಮ ಚಿಕಿತ್ಸೆಗೆ ಯೋಗ್ಯವಾದ ಮಾದರಿಯಾಗಬಹುದೆಂದು ಮನೋವೈದ್ಯ ನೇಕಿಯವರು 1973ರಲ್ಲಿ ವಾದಿಸಿದರು. ಆ ಲೇಖನವನ್ನು ಓದದೆಯೇ ಉದಾಹರಿಸುವವರು, ನಮ್ಮ ಜನಕ್ಕೆ ಉಪದೇಶ ಕೊಟ್ಟರೆ ಸಾಕು, ಆಲಿಕೆ ಪಾಶ್ಚಾತ್ಯರ ಶೋಕಿ ಎನ್ನುತ್ತಾರೆ. ಆದರೆ ನಮ್ಮ ಸೊಸೆಗೆ ಯಾವ ಉಪದೇಶ ಕೊಡುತ್ತೀರಿ? ಮೂರನೆಯ ವಾಕ್ಯವನ್ನು ಕೇಳಿಸಿಕೊಳ್ಳದವರು ಅತ್ತೆಗೆ ಸಂಜೆಯ ಮೇಲೆ ನೀರು ಕಡಿಮೆ ಕೊಡಿ ಎನ್ನುತ್ತಾರೆ. ಕೇಳಿಸಿಕೊಂಡವರು, ರಾತ್ರಿಯ ಸರದಿಯಲ್ಲಿ ಒಂದನ್ನಾದರೂ ಮಗನಾದವನು ವಹಿಸಿಕೊಳ್ಳುವ ಬಗ್ಗೆ ಆತನನ್ನೂ ಕೂರಿಸಿಕೊಂಡು ಮಾತನಾಡುತ್ತಾರೆ. ಎರಡೂ ಉಪದೇಶವೇ. ಯಾವ ರೋಗಕ್ಕೆ ಎಂಬುದು ಆಲಿಕೆಯಿಂದಲೇ ಗೊತ್ತಾಗಬೇಕು.

ನನ್ನ ಜಗಳವು ಅಭ್ಯಾಸದೊಡನೆ ಅಲ್ಲ, ಅದನ್ನು ಅಳೆಯುವ ರೀತಿಯೊಡನೆ. ಪಾತ್ರಾಭಿನಯದ ಒಳಗೇ ಒಂದು ಮೋಸವಿದೆ: ಸೊಸೆಯ ಪಾತ್ರ ವಹಿಸಿದ ಸಹಪಾಠಿಗೆ ಎದುರಿನವಳು ಏನನ್ನು ಅಭ್ಯಾಸ ಮಾಡಬೇಕೆಂಬುದು ತಿಳಿದಿರುತ್ತದೆ; ಆದುದರಿಂದ ಆಕೆ ಪ್ರತಿಬಿಂಬ ಎಷ್ಟೇ ಪೇಲವವಾಗಿರಲಿ ಉಪಕಾರಬುದ್ಧಿಯಿಂದ ಕಣ್ಣು ತುಂಬಿಕೊಂಡು ಎಲ್ಲವನ್ನೂ ಹೇಳಿಬಿಡುತ್ತಾಳೆ. ನಿಜವಾದ ಸೊಸೆ ಹಾಗೆ ಮಾಡುವುದಿಲ್ಲ. ಇದಕ್ಕೆ ಪರಿಹಾರವು ಕಷ್ಟವೇನಲ್ಲ. ಹೇಳುವವರು ಕಲ್ಪಿತ ದುಃಖವನ್ನು ಬಿಟ್ಟು, ಹಾಸ್ಟೆಲಿನ ಕೋಣೆಯ ಜಗಳವೋ ಮನೆಯವರು ಫೋನು ಮಾಡದಿರುವುದೋ, ತಮ್ಮದೇ ಆದ, ತರಗತಿಯಲ್ಲಿ ಹೇಳಬಹುದಾದಷ್ಟು ಚಿಕ್ಕ ಸಂಗತಿಯೊಂದನ್ನು ತರಲಿ. ಅವರ ಒಪ್ಪಿಗೆಯಿಂದ ಐದೇ ನಿಮಿಷ ಧ್ವನಿಮುದ್ರಿಸಿಕೊಂಡು, ಮಾತನ್ನು ಹಾಗೆ ಹಾಗೆಯೇ ಇಳಿಸಿ, ಪ್ರತಿಯೊಂದು ಪ್ರತಿಕ್ರಿಯೆಯ ಎದುರಿಗೆ ಹೇಳುವವರ ಮುಂದಿನ ವಾಕ್ಯವನ್ನು ಬರೆಯಲಿ. ಆಲಿಸಿದವರು ಮಾಡಬೇಕಾದ ಪರಾಮರ್ಶೆಯು ಆ ಎರಡು ಅಂಕಣಗಳ ಮೇಲೆ ಮಾತ್ರ ನಡೆಯಲಿ. ಕುಳಿತ ಭಂಗಿಯನ್ನು ವೀಕ್ಷಕರಿಗೆ ಬಿಡಬಹುದು.

ಕೊನೆಗೆ, ಹೇಳಿದವರೂ ಅರ್ಧ ಪುಟ ಬರೆಯಬೇಕು: ಎಲ್ಲಿ ನನ್ನ ಮಾತು ನಿಂತಿತು, ಏನನ್ನು ಹೇಳಬೇಕೆಂದಿದ್ದು ಹೇಳದೆ ಬಿಟ್ಟೆ ಎಂಬುದಿಷ್ಟನ್ನು. ಆಲಿಸಿದವರಿಗೆ ಸಿಗಬಹುದಾದ ಅತ್ಯಂತ ನಿಷ್ಠುರವಾದ ವಿಮರ್ಶೆ ಅದು. ಆ ಅರ್ಧ ಪುಟಕ್ಕೆ ಮಾತ್ರ ಅಂಕವಿರಕೂಡದು, ಅದರಿಂದ ಬೇರೆಯವರ ಅಂಕವೂ ಕಡಿಮೆಯಾಗಕೂಡದು. ಗೆಳತಿಯ ಫಲಿತಾಂಶ ಕೆಡುವುದೆಂಬ ಭಯವಿದ್ದಲ್ಲಿ ಯಾವ ಸಹಪಾಠಿಯೂ ‘ನೀನು ನನ್ನನ್ನು ಕೇಳಲಿಲ್ಲ’ ಎಂದು ಬರೆಯಲಾರಳು.